ಎಣ್ಣೆ ಇಳಿದ ಮೇಲೆ ಏರುವ ತಲೆನೋವು

ಕುಡಿಯುವವರ ಯಾವ ಕೂಟಕ್ಕೆ ಹೋದರೂ ಹ್ಯಾಂಗೋವರ್ ಬಗ್ಗೆ ನಾಲ್ಕು ಮಾತು ಕೇಳಿಯೇ ಕೇಳಿಸುತ್ತವೆ. ‘ನಿನ್ನೆ ಮಿಕ್ಸ್ ಮಾಡಿದ್ದಕ್ಕೇ ಹೀಗಾಯ್ತು ಗುರು’ ಎನ್ನುತ್ತಾನೆ ಒಬ್ಬ. ‘ಬಿಳೀದು ಹೊಡಿ, ಏನೂ ಆಗಲ್ಲ’ ಎನ್ನುವುದು ಇನ್ನೊಬ್ಬನ ಸಲಹೆ. ಮೂರನೆಯವನಿಗೆ ಮಲಗುವ ಮುಂಚೆ ಕುಡಿಯುವ ಒಂದು ಚೊಂಬು ನೀರೇ ಸರ್ವರೋಗ ನಿವಾರಕ. ಅನುಭವಸ್ಥನಾದ ನಾಲ್ಕನೆಯವನು ಬೆಳಗ್ಗೆ ಎದ್ದು ಮತ್ತೊಂದು ಪೆಗ್ ಹಾಕಿಕೊಂಡರೆ ಎಲ್ಲ ಸರಿಹೋಗುತ್ತದೆ ಎಂದು ತೀರ್ಪು ಕೊಡುತ್ತಾನೆ. ತಮಾಷೆಯೆಂದರೆ ಈ ನಾಲ್ಕನ್ನೂ ಸಂಶೋಧಕರು ಗಂಭೀರವಾಗಿಯೇ ತೆಗೆದುಕೊಂಡಿದ್ದಾರೆ. ಸ್ವಯಂಸೇವಕರಿಗೆ ಅಳತೆ ಮಾಡಿ ಕುಡಿಸಿ, ಮಾರನೆಯ ಬೆಳಗ್ಗೆ ಅವರ ತಲೆನೋವಿಗೆ ಅಂಕ ಹಾಕಿದ್ದಾರೆ. ನಾಲ್ಕು ಮಾತುಗಳಲ್ಲಿ ಒಂದು ಮಾತ್ರ ಪರೀಕ್ಷೆಯಲ್ಲಿ ಪೂರ್ತಿ ಬಿದ್ದುಹೋಯಿತು. ಉಳಿದ ಮೂರರಲ್ಲಿ ಸತ್ಯದ ತುಣುಕುಗಳಿವೆ, ಆದರೆ ಅವು ಜನ ನಂಬಿರುವ ಜಾಗದಲ್ಲಿಲ್ಲ.

ಇದನ್ನು ಬಿಡಿಸಿಕೊಳ್ಳಲು ಮೊದಲು ಗಡಿಯಾರ ನೋಡಬೇಕು. ನಮ್ಮ ವೈನ್ ಶಾಪುಗಳಲ್ಲಿ ಸಿಗುವ ವಿಸ್ಕಿ, ಬ್ರಾಂದಿ, ರಮ್ಮುಗಳ ಬಾಟಲಿಯ ಮೇಲೆ ಸಾಮಾನ್ಯವಾಗಿ ಶೇ 42.8 ಎಂದು ಅಚ್ಚಾಗಿರುತ್ತದೆ. ಅಂದರೆ 180 ಎಂಎಲ್‌ನ ಒಂದು ಕ್ವಾರ್ಟರ್‌ನಲ್ಲಿ ಸುಮಾರು 60 ಗ್ರಾಂ ಶುದ್ಧ ಆಲ್ಕೋಹಾಲ್ ಇದೆ. ಲಿವರ್ ಇದನ್ನು ತನ್ನದೇ ವೇಗದಲ್ಲಿ ಕರಗಿಸುತ್ತದೆ. ಗಂಟೆಗೆ 7ರಿಂದ 8 ಗ್ರಾಂ ಎಂದಿಟ್ಟುಕೊಳ್ಳಿ. ಕಾಫಿ ಕುಡಿದರೂ, ತಣ್ಣೀರಲ್ಲಿ ಸ್ನಾನ ಮಾಡಿದರೂ ಅದು ಅವಸರ ಪಡುವುದಿಲ್ಲ. 70 ಕೆಜಿ ತೂಕದ ಗಂಡಸೊಬ್ಬ ರಾತ್ರಿ ಒಂಬತ್ತಕ್ಕೆ ಶುರುಮಾಡಿ ಒಂದು ಕ್ವಾರ್ಟರ್ ಮುಗಿಸಿದ ಎನ್ನೋಣ. ರಕ್ತದಿಂದ ಆಲ್ಕೋಹಾಲ್ ಪೂರ್ತಿ ಖಾಲಿಯಾಗುವ ಹೊತ್ತಿಗೆ ಬೆಳಗಿನ ಜಾವ ಐದು, ಐದೂವರೆ ಆಗಿರುತ್ತದೆ. ಅವನ ತಲೆ ಸಿಡಿಯಲು ಶುರುವಾಗುವುದೂ ಹೆಚ್ಚುಕಡಿಮೆ ಆ ಹೊತ್ತಿಗೇ.

ಹ್ಯಾಂಗೋವರ್‌ನ ವಿಚಿತ್ರವೇ ಇದು. ರಾತ್ರಿಯದು ಇನ್ನೂ ಇಳಿದಿಲ್ಲ ಎಂದು ನಾವು ಗೊಣಗುತ್ತೇವೆ, ಆದರೆ ನಿಜದಲ್ಲಿ ಅದು ಇಳಿದು ಮುಗಿದಾಗಲೇ ಹ್ಯಾಂಗೋವರ್ ತನ್ನ ಪೂರ್ಣ ರೂಪ ತೋರಿಸುವುದು. ರಕ್ತದಲ್ಲಿನ ಆಲ್ಕೋಹಾಲ್ ಸೊನ್ನೆಯ ಹತ್ತಿರ ಬಂದಾಗ ಕಾಣಿಸಿಕೊಳ್ಳುವ ಮೈಮನಸ್ಸಿನ ತೊಂದರೆಗಳ ಗುಂಪು ಎಂದೇ ಸಂಶೋಧಕರು ಅದನ್ನು ವಿವರಿಸುತ್ತಾರೆ. ಹಾಗಾಗಿ ಅಪರಾಧಿಯನ್ನು ಹುಡುಕುವವರಿಗೆ ಒಂದು ತೊಡಕಿದೆ. ಘಟನೆ ನಡೆದ ಹೊತ್ತಿಗೆ ಮುಖ್ಯ ಆರೋಪಿ ಮನೆ ಬಿಟ್ಟು ಹೋಗಿರುತ್ತಾನೆ.

ಕೆಲವು ಸಲ ಹೋಗಿರುವುದಿಲ್ಲ ಎನ್ನುವುದನ್ನೂ ಇಲ್ಲೇ ಹೇಳಿಬಿಡಬೇಕು. ಅದೇ ಮನುಷ್ಯ ಒಂದೂವರೆ ಕ್ವಾರ್ಟರ್, ಅಂದರೆ ಮೂರು ನೈಂಟಿ ಹಾಕಿದ್ದರೆ ಲೆಕ್ಕ 90 ಗ್ರಾಂ ದಾಟುತ್ತದೆ. ಬೆಳಗ್ಗೆ ಏಳೂವರೆಗೆ ಅವನು ಸ್ನಾನ ಮಾಡಿ, ಇಡ್ಲಿ ತಿಂದು, ಬೈಕ್ ಹತ್ತಿದಾಗಲೂ ಪ್ರತಿ 100 ಎಂಎಲ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಸ್ವಲ್ಪ ಹೆಚ್ಚೇ ಆಲ್ಕೋಹಾಲ್ ಉಳಿದಿರುವ ಸಾಧ್ಯತೆ ಇದೆ. ನಮ್ಮ ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನ ಮಿತಿ ಅದೇ 30. ಇದು ಅಂದಾಜಿನ ಲೆಕ್ಕ, ದೇಹದಿಂದ ದೇಹಕ್ಕೆ ಬದಲಾಗುತ್ತದೆ. ಆದರೂ ‘ನಾನು ಕುಡಿದಿದ್ದು ನಿನ್ನೆ ಸಾರ್’ ಎಂಬ ಸಮಜಾಯಿಷಿ ಪೊಲೀಸರ ಯಂತ್ರಕ್ಕೆ ಅರ್ಥವಾಗುವುದಿಲ್ಲ.

ಈಗ ನೀರಿನ ಮಾತು. ಹ್ಯಾಂಗೋವರ್ ಎಂದರೆ ಮೈಯಲ್ಲಿ ನೀರು ಬತ್ತುವುದು, ಅಷ್ಟೇ ಎಂದು ಓದಿದವರೂ ನಂಬಿದ್ದಾರೆ. ನಂಬಿಕೆಗೆ ಕಾರಣವಿಲ್ಲದಿಲ್ಲ. ಮೂತ್ರಪಿಂಡಗಳಿಗೆ ‘ನೀರು ಹಿಡಿದಿಟ್ಟುಕೋ’ ಎಂದು ಹೇಳುವ ವ್ಯಾಸೊಪ್ರೆಸಿನ್ ಎಂಬ ಹಾರ್ಮೋನನ್ನು ಆಲ್ಕೋಹಾಲ್ ಅದುಮಿಡುತ್ತದೆ. ಬಾರಿನಲ್ಲಿ ಎರಡನೇ ಪೆಗ್ಗಿನ ನಂತರ ಎಲ್ಲರೂ ಸರದಿಯಲ್ಲಿ ಎದ್ದು ಹೋಗುವುದು ಇದರಿಂದಲೇ. ಸುಮಾರು 50 ಗ್ರಾಂ ಆಲ್ಕೋಹಾಲನ್ನು ಕಾಲು ಲೀಟರ್ ನೀರಿನಲ್ಲಿ ಬೆರೆಸಿ ಕುಡಿದರೆ ಮುಂದಿನ ಕೆಲವು ಗಂಟೆಗಳಲ್ಲಿ 600 ಎಂಎಲ್‌ನಿಂದ ಒಂದು ಲೀಟರ್‌ವರೆಗೆ ಮೂತ್ರ ಹೋಗುತ್ತದೆ. ಬೆಳಗ್ಗೆ ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟುವುದು, ನಿಂತರೆ ತಲೆ ತಿರುಗುವುದು ಇವಕ್ಕೆಲ್ಲ ನೀರಿನ ಕೊರತೆ ಕಾರಣವೆಂದರೆ ತಕರಾರಿಲ್ಲ.

ಆದರೆ ನೀರು ಬತ್ತಿದ್ದೇ ಹ್ಯಾಂಗೋವರ್ ಆಗಿದ್ದರೆ ನೀರು ತುಂಬಿಸಿದ ಕೂಡಲೇ ಅದು ಹೋಗಬೇಕಿತ್ತು. ಹೋಗುವುದಿಲ್ಲ. ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದ ಯೋರಿಸ್ ಫೆರ್‌ಸ್ಟರ್ ಮತ್ತು ಸಂಗಡಿಗರು ಹ್ಯಾಂಗೋವರನ್ನೇ ತಮ್ಮ ಅಧ್ಯಯನದ ವಿಷಯವಾಗಿ ಮಾಡಿಕೊಂಡವರು. ನೀರಿನ ಪ್ರಶ್ನೆಗೆ ಅವರು ಹಲವು ಅಧ್ಯಯನಗಳ ಅಂಕಿಅಂಶ ಜೋಡಿಸಿ 2024ರಲ್ಲಿ ಉತ್ತರ ಪ್ರಕಟಿಸಿದರು. ಕುಡಿಯುವಾಗ ಅಥವಾ ಕುಡಿದ ತಕ್ಷಣ ನೀರು ಕುಡಿದವರಿಗೆ ಸಿಕ್ಕ ಲಾಭ ಅಲ್ಪ. ಬೆಳಗ್ಗೆ ಹ್ಯಾಂಗೋವರ್ ಇರುವಾಗ ಕುಡಿದ ನೀರಿಗೂ ಹ್ಯಾಂಗೋವರ್‌ನ ತೀವ್ರತೆಗೂ ಸಂಬಂಧವೇ ಕಾಣಲಿಲ್ಲ. ಬಾಯಾರಿಕೆ ಬೇಗ ಹೋಗುತ್ತದೆ, ಹ್ಯಾಂಗೋವರ್ ಕೂತೇ ಇರುತ್ತದೆ. ವ್ಯಾಸೊಪ್ರೆಸಿನ್‌ನಂಥ ನೀರಿನ ಹಾರ್ಮೋನುಗಳ ಮಟ್ಟವನ್ನು ತಲೆನೋವಿನ ಅಂಕದೊಂದಿಗೆ ತಾಳೆ ನೋಡಿದ ಹಿಂದಿನ ಅಧ್ಯಯನಗಳಲ್ಲೂ ಎರಡಕ್ಕೂ ತಾಳೆಯಾಗಿರಲಿಲ್ಲ. ಅಂದರೆ ನೀರಿನ ಕೊರತೆ, ಹ್ಯಾಂಗೋವರ್ ಎರಡೂ ಒಂದೇ ರಾತ್ರಿಯಲ್ಲಿ ಹುಟ್ಟಿ, ಒಂದೇ ಬೆಳಗ್ಗೆ ಬಾಗಿಲು ತಟ್ಟುವ ಬೇರೆ ಬೇರೆ ನೆಂಟರು.

ಪೆಗ್ಗು ಪೆಗ್ಗಿನ ನಡುವೆ ಒಂದು ಲೋಟ ನೀರು ಕುಡಿಯುವ ಅಭ್ಯಾಸ ಮಾತ್ರ ಕೆಲಸ ಮಾಡಬಲ್ಲದು, ಬೇರೆ ಕಾರಣಕ್ಕೆ. ಹೊಟ್ಟೆ ತುಂಬುತ್ತದೆ, ಕೈ ನಿಧಾನವಾಗುತ್ತದೆ, ಒಟ್ಟು ಒಳಗೆ ಹೋಗುವ ಎಣ್ಣೆಯೇ ಕಡಿಮೆಯಾಗುತ್ತದೆ. ಊಟದ ಕತೆಯೂ ಇದೇ. ಕುಡಿಯುವ ಮೊದಲೇ ಹೊಟ್ಟೆಗೆ ಏನಾದರೂ ಬಿದ್ದಿದ್ದರೆ ಆಲ್ಕೋಹಾಲ್ ಸಣ್ಣ ಕರುಳಿಗೆ ಇಳಿಯುವುದು ತಡವಾಗಿ, ರಕ್ತದಲ್ಲಿ ಅದು ಮುಟ್ಟುವ ತುದಿ ತಗ್ಗುತ್ತದೆ. ಮಾರನೆಯ ಬೆಳಗ್ಗೆ ತಿನ್ನುವ ಖಾರದ ಕಾಲುಸೂಪಿಗಾಗಲಿ, ಎಣ್ಣೆ ತೇಲುವ ಪರೋಟಕ್ಕಾಗಲಿ ಆ ಯೋಗವಿಲ್ಲ, ಹೀರಿಕೊಳ್ಳಲು ಅಲ್ಲಿ ಏನೂ ಉಳಿದಿರುವುದಿಲ್ಲ.

ಬಿಳಿ-ಕರಿ ವಾದಕ್ಕೆ ಬಂದರೆ ವಿಷಯ ಇನ್ನಷ್ಟು ಸ್ವಾರಸ್ಯವಾಗುತ್ತದೆ. ಯಾವುದೇ ಮದ್ಯದಲ್ಲಿ ನೀರು ಮತ್ತು ಎಥನಾಲ್ ಜೊತೆ ಹುದುಗುವಾಗ, ಬಟ್ಟಿಯಿಳಿಸುವಾಗ, ಮರದ ಪೀಪಾಯಿಯಲ್ಲಿ ಮಾಗಿಸುವಾಗ ಸೇರಿಕೊಳ್ಳುವ ಹಲವು ರಾಸಾಯನಿಕಗಳಿರುತ್ತವೆ. ಮೆಥನಾಲ್, ಫ್ಯೂಸೆಲ್ ಆಲ್ಕೋಹಾಲುಗಳು, ಎಸ್ಟರುಗಳು, ಟ್ಯಾನಿನ್ನು ಇತ್ಯಾದಿ. ಇವನ್ನೆಲ್ಲ ಒಟ್ಟಾಗಿ ಕಂಜೆನರ್ ಎನ್ನುತ್ತಾರೆ. ವಿಸ್ಕಿಗೆ ವಿಸ್ಕಿಯ ರುಚಿ, ರಮ್ಮಿಗೆ ರಮ್ಮಿನ ವಾಸನೆ ಬರುವುದು ಇವುಗಳಿಂದ. ವೋಡ್ಕಾದಲ್ಲಿ ಇವು ಅತಿ ಕಡಿಮೆ, ಅಮೆರಿಕದ ಬರ್ಬನ್ ವಿಸ್ಕಿಯಲ್ಲಿ ವೋಡ್ಕಾದ 37 ಪಟ್ಟು.

ಈ ಅಂತರವನ್ನೇ ಹಿಡಿದು ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಡಮಾರಿಸ್ ರೋಸೆನೋ ಮತ್ತು ಜೊತೆಗಾರರು ನಡೆಸಿದ ಪ್ರಯೋಗ 2010ರಲ್ಲಿ ಪ್ರಕಟವಾಯಿತು. 21ರಿಂದ 33 ವಯಸ್ಸಿನ, ಚೆನ್ನಾಗಿಯೇ ಕುಡಿದು ಅಭ್ಯಾಸವಿರುವ, ಆರೋಗ್ಯವಂತರಾದ 95 ಮಂದಿಯನ್ನು ಅವರು ಆರಿಸಿಕೊಂಡರು. ಒಂದು ರಾತ್ರಿ ಬರ್ಬನ್ ಅಥವಾ ವೋಡ್ಕಾ, ಇನ್ನೊಂದು ರಾತ್ರಿ ಆಲ್ಕೋಹಾಲೇ ಇಲ್ಲದ ಪಾನೀಯ. ಎಲ್ಲರ ಉಸಿರಿನ ಆಲ್ಕೋಹಾಲ್ ಸರಾಸರಿ ಶೇ 0.11ಕ್ಕೆ ಏರುವಂತೆ ಕುಡಿಸಿ, ಅಲ್ಲೇ ಮಲಗಿಸಿ, ನಿದ್ದೆಯನ್ನು ಯಂತ್ರಗಳಿಂದ ಅಳೆದರು. ಬೆಳಗ್ಗೆ ಪ್ರಶ್ನಾವಳಿ ಕೊಟ್ಟು, ಗಮನ ಮತ್ತು ಪ್ರತಿಕ್ರಿಯೆಯ ವೇಗವನ್ನು ಪರೀಕ್ಷಿಸಿದರು.

ಬರ್ಬನ್ ಕುಡಿದವರು ಬೆಳಗ್ಗೆ ಹೆಚ್ಚು ಒದ್ದಾಡಿದರು. ಅಲ್ಲಿಗೆ ಬಿಳಿ ಪಕ್ಷ ಗೆದ್ದಂತೆ ಕಂಡಿತು. ಆದರೆ ಫಲಿತಾಂಶದ ಉಳಿದ ಭಾಗವನ್ನು ಬಾರಿನಲ್ಲಿ ಯಾರೂ ಹೇಳುವುದಿಲ್ಲ. ವೋಡ್ಕಾ ಕುಡಿದವರಿಗೂ ಹ್ಯಾಂಗೋವರ್ ಬಂತು. ಆಲ್ಕೋಹಾಲ್ ಕುಡಿದದ್ದಕ್ಕೂ ಕುಡಿಯದಿದ್ದುದಕ್ಕೂ ಇದ್ದ ವ್ಯತ್ಯಾಸದ ಮುಂದೆ ಬರ್ಬನ್-ವೋಡ್ಕಾ ವ್ಯತ್ಯಾಸ ಸಣ್ಣದು. ಮುಖ್ಯವಾಗಿ, ನಿದ್ದೆ ಕೆಟ್ಟಿದ್ದರಲ್ಲಿ, ಮಾರನೆಯ ದಿನ ಗಮನ ಮತ್ತು ಚುರುಕು ಕುಗ್ಗಿದ್ದರಲ್ಲಿ ಎರಡೂ ಗುಂಪು ಸಮಸಮ. ವೋಡ್ಕಾದವನಿಗೆ ತಾನು ಕೊಂಚ ಮೇಲು ಅನ್ನಿಸಿತು, ಕೈಯ ಚುರುಕು ಮಾತ್ರ ಪಕ್ಕದವನಷ್ಟೇ ಮಂಕಾಗಿತ್ತು. ಯಂತ್ರದ ಮುಂದೆ ನಿಂತು ಕೆಲಸ ಮಾಡುವವರಿಗೆ, ಬಸ್ಸು ಓಡಿಸುವವರಿಗೆ ತಲೆ ಸಿಡಿಯುವ ಹ್ಯಾಂಗೋವರ್‌ಗಿಂತ ಈ ಬಗೆಯದೇ ಹೆಚ್ಚು ಅಪಾಯ ಎಂದು ನನಗೆ ತೋರುತ್ತದೆ.

ಈ ಪ್ರಯೋಗವನ್ನು ನಮ್ಮ ಊರಿಗೆ ತರುವಾಗ ಇನ್ನೊಂದು ಎಚ್ಚರ ಬೇಕು. ಬರ್ಬನ್‌ನ ಬಣ್ಣ ಸುಟ್ಟ ಓಕ್ ಪೀಪಾಯಿಯಲ್ಲಿ ವರ್ಷಗಟ್ಟಲೆ ಕೂತು ಬಂದದ್ದು. ಹಾಗಾಗಿ ಅಲ್ಲಿ ಬಣ್ಣ ಕಂಡರೆ ಕಂಜೆನರ್ ಇದೆ ಎಂದು ಊಹಿಸಬಹುದು. ನಮ್ಮಲ್ಲಿ ಅಗ್ಗದ ದರದಲ್ಲಿ ಸಿಗುವ ಬಹುಪಾಲು ‘ವಿಸ್ಕಿ’ಗೆ ಆಧಾರ ಕಾಕಂಬಿಯಿಂದ ತೆಗೆದು ಚೆನ್ನಾಗಿ ಶುದ್ಧೀಕರಿಸಿದ ನ್ಯೂಟ್ರಲ್ ಸ್ಪಿರಿಟ್. ಅದಕ್ಕೆ ರುಚಿ ಸೇರಿಸಿ, ಕ್ಯಾರಮೆಲ್ ಹಾಕಿ ಕಂದು ಬಣ್ಣ ಬರಿಸುತ್ತಾರೆ. ಆ ಕಂದು ಸುಟ್ಟ ಸಕ್ಕರೆಯದು, ಪೀಪಾಯಿಯದಲ್ಲ. ನಿಜವಾದ ಮಾಲ್ಟ್ ವಿಸ್ಕಿ ಬೇರೆ, ಇದು ಬೇರೆ. ಆದ್ದರಿಂದ ಲೋಟವನ್ನು ಬೆಳಕಿಗೆ ಹಿಡಿದು ನಾಳೆಯ ತಲೆನೋವನ್ನು ಅಳೆಯುವ ವಿದ್ಯೆ ಇಲ್ಲಿ ನಡೆಯುವುದಿಲ್ಲ. ಬೆಲೆ ಕಡಿಮೆಯ ಬ್ರಾಂಡ್ ಕುಡಿದಾಗ ಜಾಸ್ತಿ ತಲೆನೋವು ಎನ್ನುವವರು ಆ ದುಡ್ಡಿಗೆ ಎಷ್ಟು ಹೆಚ್ಚು ಕುಡಿದರು ಎಂಬುದನ್ನೂ ಸೇರಿಸಿ ಹೇಳಿದರೆ ಲೆಕ್ಕ ಸರಿಯಾದೀತು.

ಕಂಜೆನರ್‌ಗಳಲ್ಲಿ ಮೆಥನಾಲನ್ನು ಪ್ರತ್ಯೇಕವಾಗಿ ನೋಡಬೇಕು, ಬೆಳಗಿನ ಪೆಗ್ಗಿನ ರಹಸ್ಯದ ಒಂದು ಎಳೆ ಅಲ್ಲಿದೆ. ಎಥನಾಲ್ ಮತ್ತು ಮೆಥನಾಲ್ ಎರಡನ್ನೂ ಲಿವರ್‌ನಲ್ಲಿ ಒಡೆಯುವುದು ಒಂದೇ ಕಿಣ್ವ, ಮತ್ತು ಆ ಕಿಣ್ವಕ್ಕೆ ಎಥನಾಲ್ ಮೇಲೇ ಹೆಚ್ಚು ಒಲವು. ಎಥನಾಲ್ ಇರುವವರೆಗೂ ಮೆಥನಾಲ್ ಹೊರಗೆ ಸರದಿಯಲ್ಲಿ ಕಾಯುತ್ತದೆ. ಬೆಳಗಿನ ಜಾವ ಎಥನಾಲ್ ಮುಗಿದಾಗ ಅದರ ಸರದಿ ಬರುತ್ತದೆ, ಆಗ ಅದು ಫಾರ್ಮಾಲ್ಡಿಹೈಡ್ ಆಗಿ, ಫಾರ್ಮಿಕ್ ಆಮ್ಲವಾಗಿ ಒಡೆಯುತ್ತದೆ. ಎರಡೂ ವಿಷ. ಒಳ್ಳೆಯ ಮದ್ಯದಲ್ಲಿ ಮೆಥನಾಲ್ ಅತ್ಯಲ್ಪವಾದ್ದರಿಂದ ಇದರಿಂದಾಗುವ ಹಾನಿಯೂ ಅಲ್ಪ. ಬೆಳಗ್ಗೆ ಮತ್ತೊಂದು ಪೆಗ್ ಹಾಕಿದರೆ ಕಿಣ್ವ ಮತ್ತೆ ಎಥನಾಲ್ ಕಡೆ ತಿರುಗುತ್ತದೆ, ಮಂಕು ಕವಿದು ನೋವೂ ಮರೆಯಾಗುತ್ತದೆ. ಹಾಗೆಂದು ಹ್ಯಾಂಗೋವರ್ ರದ್ದಾಗಲಿಲ್ಲ, ಸಂಜೆಗೆ ಮುಂದೂಡಿಕೆಯಾಯಿತು. ಮೆಥನಾಲ್ ವಿಷವೇರಿ ಬಂದವರಿಗೆ ಆಸ್ಪತ್ರೆಯಲ್ಲಿ ಎಥನಾಲನ್ನೇ ಮದ್ದಾಗಿ ಕೊಡುವ ಪದ್ಧತಿಯೂ ಇದೇ ತತ್ವದ ಮೇಲೆ ನಿಂತಿದೆ. ಅಲ್ಲಿ ವೈದ್ಯರು ಅಳೆದು ಕೊಡುತ್ತಾರೆ, ಜೊತೆಗೆ ವಿಷವನ್ನು ಡಯಾಲಿಸಿಸ್‌ನಿಂದ ಹೊರಹಾಕುತ್ತಾರೆ. ಮನೆಯಲ್ಲಿ ಆ ಎರಡನೇ ಭಾಗವಿಲ್ಲ.

1981ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ ಕುಡಿದು 300ಕ್ಕೂ ಹೆಚ್ಚು ಮಂದಿ ಸತ್ತದ್ದು ಮೆಥನಾಲ್‌ನಿಂದಲೇ. ಅಂಥ ದುರಂತಗಳಲ್ಲಿ ಜೀವ ಹೋಗಲು ಒಂದು ಕಾರಣ, ಮೊದಲ ಹಂತ ಮಾಮೂಲಿ ಹ್ಯಾಂಗೋವರ್‌ನಂತೆಯೇ ಕಾಣುವುದು. ಮಲಗಿದರೆ ಸರಿಹೋದೀತು ಎಂದು ಮನೆಯವರು ಬಿಡುತ್ತಾರೆ. ಕುಡಿದ ಅರ್ಧ ದಿನ ಅಥವಾ ಒಂದು ದಿನದ ಮೇಲೆ ಕಣ್ಣು ಮಂಜಾಗುವುದು, ಮಂಜಿನಲ್ಲಿ ನೋಡಿದಂತೆ ಎದುರಿನದೆಲ್ಲ ಬೆಳ್ಳಗೆ ಕಾಣುವುದು, ಹೊಟ್ಟೆ ತೀವ್ರವಾಗಿ ನೋಯುವುದು, ಉಸಿರು ಜೋರಾಗುವುದು ಇವು ಹ್ಯಾಂಗೋವರ್‌ನ ಲಕ್ಷಣಗಳಲ್ಲ. ದೃಷ್ಟಿ ಮಸುಕಾಯಿತು ಎಂದರೆ ಮಜ್ಜಿಗೆಗೆ ಕಾಯದೆ ಆಸ್ಪತ್ರೆಗೆ ಓಡಬೇಕು.

ಪೂರ್ತಿ ಬಿದ್ದುಹೋದ ನಂಬಿಕೆ ಮಿಕ್ಸಿಂಗ್‌ನದು. ಜರ್ಮನಿಯ ವಿಟ್ಟೆನ್-ಹೆರ್ಡೆಕೆ ವಿಶ್ವವಿದ್ಯಾಲಯದಲ್ಲಿ 90 ಮಂದಿಯ ಮೇಲೆ ನಡೆದ ಪ್ರಯೋಗ 2019ರಲ್ಲಿ ಪ್ರಕಟವಾಯಿತು. ಒಂದು ಗುಂಪು ಮೊದಲು ಬಿಯರ್, ಆಮೇಲೆ ವೈನ್ ಕುಡಿಯಿತು. ಇನ್ನೊಂದು ಗುಂಪು ತಿರುಗಾಮುರುಗಾ. ಮೂರನೆಯದು ಬರೀ ಬಿಯರ್ ಅಥವಾ ಬರೀ ವೈನ್. ವಾರ ಕಳೆದ ಮೇಲೆ ಅದೇ ಜನರಿಗೆ ಕ್ರಮ ಅದಲುಬದಲು ಮಾಡಿ ಮತ್ತೆ ಕುಡಿಸಿದರು. ಎಲ್ಲರೂ ತಲುಪಿದ ಆಲ್ಕೋಹಾಲ್ ಮಟ್ಟ ಒಂದೇ ಆಗಿತ್ತು, ಬಂದ ಹ್ಯಾಂಗೋವರ್‌ನಲ್ಲೂ ವ್ಯತ್ಯಾಸ ಕಾಣಲಿಲ್ಲ. ಬೆಳಗಿನ ಸ್ಥಿತಿಯನ್ನು ಮುಂಚಿತವಾಗಿ ಹೇಳಬಲ್ಲ ಸೂಚನೆಗಳು ಎರಡೇ ಸಿಕ್ಕವು: ರಾತ್ರಿ ತನಗೆ ಎಷ್ಟು ಏರಿದೆ ಎಂದು ಕುಡಿದವನಿಗೇ ಅನ್ನಿಸಿದ್ದು ಮತ್ತು ವಾಂತಿಯಾಗಿದ್ದು. ಪಾರ್ಟಿಗಳಲ್ಲಿ ಮಿಕ್ಸ್ ಮಾಡಿದವರು ಒದ್ದಾಡುವುದಕ್ಕೆ ಸರಳ ಕಾರಣವಿದೆ. ಬಿಯರ್ ಮುಗಿಸಿ ವಿಸ್ಕಿಗೆ ಕೈಹಾಕುವ ಹೊತ್ತಿಗೆ ರಾತ್ರಿ ಬಹಳವಾಗಿರುತ್ತದೆ, ಎಣಿಕೆ ತಪ್ಪಿರುತ್ತದೆ.

ನಿದ್ದೆಯ ಪಾತ್ರವನ್ನು ಮಾತ್ರ ಈ ನಾಲ್ಕು ಮಾತುಗಳಲ್ಲಿ ಯಾರೂ ಎತ್ತುವುದಿಲ್ಲ. ಬದಲಿಗೆ ‘ಎಣ್ಣೆ ಹಾಕಿದ್ರೆ ಒಳ್ಳೇ ನಿದ್ದೆ’ ಎನ್ನುವವರೇ ಹೆಚ್ಚು. ಅರ್ಧ ರಾತ್ರಿಯ ಮಟ್ಟಿಗೆ ಅದು ನಿಜ. ಆಲ್ಕೋಹಾಲ್ ಮಿದುಳನ್ನು ಶಾಂತಗೊಳಿಸುವ ಗಾಬಾ ವ್ಯವಸ್ಥೆಗೆ ಒತ್ತಾಸೆಯಾಗಿ, ಕೆರಳಿಸುವ ಗ್ಲುಟಮೇಟ್ ವ್ಯವಸ್ಥೆಯನ್ನು ತಡೆಹಿಡಿಯುತ್ತದೆ. ಬೇಗ ನಿದ್ದೆ ಹತ್ತುತ್ತದೆ, ಮೊದಲ ಕೆಲವು ಗಂಟೆ ಗಾಢವಾಗಿಯೂ ಇರುತ್ತದೆ. ಆದರೆ ಕನಸು ಬೀಳುವ ನಿದ್ದೆ ಆ ಅವಧಿಯಲ್ಲಿ ಕುಗ್ಗಿರುತ್ತದೆ. ಆಲ್ಕೋಹಾಲ್ ಕರಗುತ್ತಾ ಬಂದಂತೆ ಅದುಮಿಟ್ಟಿದ್ದ ಕಡೆ ಪುಟಿದೇಳುತ್ತದೆ. ಎದೆಬಡಿತ ಚುರುಕು, ಮೈ ಬೆವರು, ಮತ್ತೆ ಮತ್ತೆ ಎಚ್ಚರ. ಗಂಟಲಿನ ಸ್ನಾಯುಗಳು ಸಡಿಲಗೊಂಡು ಗೊರಕೆ ಜೋರಾಗುತ್ತದೆ, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇರುವವರಿಗೆ ಅದು ಇನ್ನೂ ಕೆಡುತ್ತದೆ.

ನಮ್ಮ ಕ್ವಾರ್ಟರ್ ಕುಡಿದವನನ್ನೇ ನೋಡಿ. ಹನ್ನೊಂದಕ್ಕೆ ಮಲಗಿದ. ಸುಮಾರು ಮೂರಕ್ಕೆ ಎಚ್ಚರವಾಗಿ ನೀರು ಕುಡಿದ, ಬಚ್ಚಲಿಗೆ ಹೋಗಿಬಂದ. ಆಮೇಲೆ ಬರೀ ಮಗ್ಗುಲು ಬದಲಿಸಿದ. ಏಳಕ್ಕೆ ಎದ್ದಾಗ ಹಾಸಿಗೆಯಲ್ಲಿ ಎಂಟು ಗಂಟೆ ಕಳೆದಿದ್ದಾನೆ, ಆದರೆ ಎರಡನೇ ಪಾಳಿಯ ನಿದ್ದೆ ಬಹುಪಾಲು ಕಳೆದುಹೋಗಿದೆ. ದಿನವಿಡೀ ಕಾಡುವ ಆಯಾಸ, ಸಿಡುಕು, ಓದಿದ್ದನ್ನೇ ಮತ್ತೆ ಓದುವ ಮಂಕುತನ ಇವು ರಾತ್ರಿಯಿಡೀ ಎಚ್ಚರವಿದ್ದವನ ಲಕ್ಷಣಗಳಿಗೆ ಬಹಳ ಹತ್ತಿರ. ಹಾಗಂತ ನಿದ್ದೆಯೇ ಎಲ್ಲ ಎನ್ನುವಂತಿಲ್ಲ. ಬೆಳಗ್ಗೆ ಕುಡಿದು ಸಂಜೆ ಹ್ಯಾಂಗೋವರ್ ತಂದುಕೊಂಡವರೂ ಇದ್ದಾರೆ, ಅವರ ನಿದ್ದೆ ಕೆಟ್ಟಿರುವುದಿಲ್ಲ.

ಹಾಗಾದರೆ ನೀರು, ಕಂಜೆನರ್, ನಿದ್ದೆ ಮೂರನ್ನೂ ಕಳೆದ ಮೇಲೆ ಉಳಿಯುವುದೇನು? ಬಹುಕಾಲ ಬೆರಳು ತೋರಿಸಿದ್ದು ಅಸಿಟಾಲ್ಡಿಹೈಡ್ ಕಡೆಗೆ. ಲಿವರ್ ಎಥನಾಲನ್ನು ಒಡೆದಾಗ ಮೊದಲು ಹುಟ್ಟುವುದು ಇದೇ, ವಿಷಕಾರಿಯೂ ಹೌದು. ಚೀನಾ, ಜಪಾನ್, ಕೊರಿಯಾದ ಬಹಳ ಜನರಲ್ಲಿ ಇದನ್ನು ಮುಂದಕ್ಕೆ ಒಡೆಯುವ ಕಿಣ್ವ ಹುಟ್ಟಿನಿಂದಲೇ ದುರ್ಬಲವಾಗಿದ್ದು, ಒಂದು ಲೋಟಕ್ಕೇ ಮುಖ ಕೆಂಪಾಗಿ ಎದೆ ಹೊಡೆದುಕೊಳ್ಳುತ್ತದೆ. ಆದರೆ ಉಳಿದವರಲ್ಲಿ ಅಸಿಟಾಲ್ಡಿಹೈಡ್ ಹುಟ್ಟಿದ ಕೂಡಲೇ ನಿರುಪದ್ರವಿ ಅಸಿಟೇಟ್ ಆಗಿಬಿಡುತ್ತದೆ. ಬೆಳಗ್ಗೆ ಹ್ಯಾಂಗೋವರ್ ಇರುವಾಗ ರಕ್ತದಲ್ಲಿ ಅದನ್ನು ಹುಡುಕಿದರೆ ಹೆಚ್ಚೇನೂ ಸಿಗುವುದಿಲ್ಲ.

ಈಚಿನ ಸಂಶೋಧನೆಯ ಒಲವು ಉರಿಯೂತದ ಕಡೆಗಿದೆ. ಜ್ವರ ಬಂದಾಗ ರೋಗನಿರೋಧಕ ವ್ಯವಸ್ಥೆ ಸೈಟೊಕೈನ್ ಎಂಬ ಸಂದೇಶದ ಅಣುಗಳನ್ನು ಹೊರಬಿಡುತ್ತದೆ. ಮೈಕೈ ನೋವು, ವಾಕರಿಕೆ, ಊಟ ಸೇರದಿರುವುದು, ಯಾರ ಮಾತೂ ಬೇಡವೆನಿಸುವುದು ಅವುಗಳ ಕೆಲಸ. ಕೊರಿಯಾದಲ್ಲಿ 2003ರಲ್ಲಿ ನಡೆದ ಅಧ್ಯಯನವೊಂದು ಹ್ಯಾಂಗೋವರ್ ಬಂದವರ ರಕ್ತದಲ್ಲೂ ಕೆಲವು ಸೈಟೊಕೈನ್‌ಗಳು ಏರಿರುವುದನ್ನು ಕಂಡಿತು. ಫ್ಲೂ ಬಂದ ದಿನವನ್ನೂ ಹ್ಯಾಂಗೋವರ್‌ನ ದಿನವನ್ನೂ ಪಕ್ಕಪಕ್ಕ ಇಟ್ಟು ನೋಡಿದವರಿಗೆ ಈ ವಿವರಣೆ ಒಪ್ಪಿಗೆಯಾದೀತು. ಇದರ ಜೊತೆಗೆ ಆಲ್ಕೋಹಾಲ್ ಹೊಟ್ಟೆಯ ಒಳಪದರವನ್ನು ನೇರವಾಗಿ ಕೆರಳಿಸಿ ಆಮ್ಲ ಹೆಚ್ಚಿಸುತ್ತದೆ. ಲಿವರ್ ಹೊಸ ಸಕ್ಕರೆ ತಯಾರಿಸುವುದನ್ನೂ ತಡೆಯುತ್ತದೆ. ಊಟ ಬಿಟ್ಟು ಕುಡಿದ ಮಧುಮೇಹಿಗಳಲ್ಲಿ ಬೆಳಗಿನ ನಡುಕ, ಬೆವರು, ಗೊಂದಲವನ್ನು ಹ್ಯಾಂಗೋವರ್ ಎಂದು ತಳ್ಳಿಹಾಕುವಂತಿಲ್ಲ, ಸಕ್ಕರೆ ಕುಸಿದಿರಬಹುದು. ಗ್ಲೂಕೋಮೀಟರ್‌ನಲ್ಲಿ ನೋಡಿಕೊಳ್ಳಬೇಕು.

ಇಷ್ಟೊಂದು ಎಳೆಗಳು ಹೆಣೆದುಕೊಂಡಿರುವಾಗ ಒಂದೇ ಮದ್ದು ಎಲ್ಲವನ್ನೂ ಬಿಡಿಸುವುದು ಕಷ್ಟ. ಲಂಡನ್ನಿನ ಕಿಂಗ್ಸ್ ಕಾಲೇಜಿನ ತಂಡವೊಂದು 2022ರ ಸಮೀಕ್ಷೆಯಲ್ಲಿ ಅಲ್ಲಿಯವರೆಗಿನ 21 ಪ್ರಯೋಗಗಳನ್ನು ಒಟ್ಟುಗೂಡಿಸಿತು. ಲವಂಗದ ಸಾರ, ಕೊರಿಯಾದ ಪಿಯರ್ ಹಣ್ಣು, ಜಿನ್ಸೆಂಗ್, ನೋವಿನ ಮಾತ್ರೆ ಹೀಗೆ ಏನೇನೋ ಪರೀಕ್ಷೆಯಾಗಿದ್ದವು. ಕೆಲವು ಗುಣ ತೋರಿದವು, ಆದರೆ ಒಂದೇ ಮದ್ದನ್ನು ಎರಡು ಪ್ರಯೋಗಗಳಲ್ಲಿ ಪರೀಕ್ಷಿಸಿದ ಉದಾಹರಣೆಯೇ ಇರಲಿಲ್ಲ. ಸಾಕ್ಷ್ಯದ ಗುಣಮಟ್ಟ ಅತಿ ಕಳಪೆ ಎಂದು ತಂಡ ಬರೆಯಿತು.

ಆದರೂ ನಿಂಬೆರಸ, ಎಳನೀರು, ಹುಳಿ ಮಜ್ಜಿಗೆಯ ಮೇಲೆ ಜನಕ್ಕಿರುವ ವಿಶ್ವಾಸ ಅಲುಗಾಡುವುದಿಲ್ಲ. ಅವುಗಳ ಮೇಲೆ ನನಗೇನೂ ಕೋಪವಿಲ್ಲ, ಬಾಯಾರಿಕೆಗೆ ಅವುಗಳಿಗಿಂತ ಒಳ್ಳೆಯದು ಸಿಗುವುದಿಲ್ಲ. ಆದರೆ ಬೆಳಗ್ಗೆ ಏಳಕ್ಕೆ ತುದಿ ಮುಟ್ಟಿದ ಹ್ಯಾಂಗೋವರ್ ಯಾರೂ ಮುಟ್ಟದಿದ್ದರೂ ಮಧ್ಯಾಹ್ನದ ನಂತರ ತಾನಾಗಿಯೇ ಇಳಿಯತೊಡಗುತ್ತದೆ. ಹನ್ನೊಂದಕ್ಕೆ ಕುಡಿದ ಮಜ್ಜಿಗೆಗೆ ಎರಡು ಗಂಟೆಯ ನೆಮ್ಮದಿಯ ಕೀರ್ತಿ ಪುಕ್ಕಟೆಯಾಗಿ ಸಲ್ಲುತ್ತದೆ. ಔಷಧ ಪರೀಕ್ಷೆಗಳಲ್ಲಿ ಹುಸಿ ಮದ್ದಿನ ಗುಂಪೊಂದನ್ನು ಇಡುವುದು ಇಂಥ ಪುಕ್ಕಟೆ ಕೀರ್ತಿಯನ್ನು ಕಳೆದು ನೋಡುವುದಕ್ಕೇ.

ತಲೆನೋವಿನ ಮಾತ್ರೆಗಳ ವಿಷಯದಲ್ಲಿ ಅಷ್ಟು ಉದಾರವಾಗಿರಲು ಬರುವುದಿಲ್ಲ. ಪ್ಯಾರಾಸಿಟಮಾಲ್‌ನ ಸ್ವಲ್ಪ ಭಾಗ ಲಿವರ್‌ನಲ್ಲಿ ವಿಷವಾಗಿ ಮಾರ್ಪಡುತ್ತದೆ. ಅದನ್ನು ನಿವಾರಿಸುವ ಗ್ಲುಟಾಥಯಾನ್ ದಿನವೂ ಕುಡಿಯುವವರಲ್ಲಿ, ಸರಿಯಾಗಿ ಊಟ ಮಾಡದವರಲ್ಲಿ ಮೊದಲೇ ಕಡಿಮೆ. ಅಂಥವರು ತಲೆ ಸಿಡಿಯುತ್ತಿದೆ ಎಂದು ಮಾತ್ರೆಯ ಮೇಲೆ ಮಾತ್ರೆ ನುಂಗಿದರೆ ಲಿವರ್ ಕೈಕೊಡಬಹುದು. ಆಸ್ಪಿರಿನ್, ಐಬುಪ್ರೊಫೆನ್ ಲಿವರ್‌ಗೆ ಅಷ್ಟು ತೊಂದರೆ ಕೊಡದಿದ್ದರೂ ಮೊದಲೇ ಕೆರಳಿರುವ ಹೊಟ್ಟೆಯನ್ನು ಇನ್ನಷ್ಟು ಕೆರಳಿಸುತ್ತವೆ, ಹುಣ್ಣು ಇರುವವರಲ್ಲಿ ರಕ್ತಸ್ರಾವವೂ ಆದೀತು.

ಇನ್ನು ಬೆಳಗಿನ ಪೆಗ್ಗಿನ ಅನುಭವಸ್ಥ. ಎಂದೋ ಒಮ್ಮೆ ಹೆಚ್ಚು ಕುಡಿದವನ ಹ್ಯಾಂಗೋವರ್ ಬೇರೆ, ದಿನವೂ ಕುಡಿಯುವವನಿಗೆ ಎಣ್ಣೆ ಇಳಿದಾಗ ಬರುವ ಕೈನಡುಕ, ಬೆವರು, ತಳಮಳ ಬೇರೆ. ಎರಡನೆಯದು ಒಂದು ಗುಟುಕಿಗೇ ನಿಲ್ಲುತ್ತದೆ. ಏಕೆಂದರೆ ಅದು ಆಲ್ಕೋಹಾಲ್ ಸಿಗದೆ ಕೆರಳಿದ ಮಿದುಳಿನ ಕೂಗು. ಅದು ಮಾರನೆಯ ದಿನಕ್ಕೆ ತಾನಾಗಿ ಮುಗಿಯುವುದೂ ಇಲ್ಲ, ಎರಡು ಮೂರು ದಿನಗಳಲ್ಲಿ ಹೆಚ್ಚಾಗಿ ಫಿಟ್ಸ್, ಇಲ್ಲದ್ದು ಕಾಣುವ ಭ್ರಮೆಯವರೆಗೆ ಹೋಗಬಹುದು. ಅಂಥವರು ಇದ್ದಕ್ಕಿದ್ದಂತೆ ತಾವಾಗಿಯೇ ಕುಡಿತ ನಿಲ್ಲಿಸುವುದೂ ಅಪಾಯ. ವೈದ್ಯರು ಕೆಲವು ದಿನ ಮಾತ್ರೆ ಕೊಟ್ಟು, ಜೊತೆಗೆ ಥಯಮಿನ್ ಸೇರಿಸಿ, ಹಂತಹಂತವಾಗಿ ಇಳಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವ್ಯಸನ ಚಿಕಿತ್ಸಾ ಕೇಂದ್ರವಿದೆ, ಜಿಲ್ಲಾ ಆಸ್ಪತ್ರೆಗಳ ಮನೋವೈದ್ಯರನ್ನೂ ಕಾಣಬಹುದು.